ಒಂದು ಕೇಟಿ, ಒಂದು ಡಿಗ್ರಿ: ನನ್ನ ತಂಗಿಗೆ ಬಹಿರಂಗ ಪತ್ರ

ಪ್ರೀತಿಯ ಪುಟ್ಟಿ,

ಈ ಪತ್ರವನ್ನು ನಿನ್ನ ಫೋನಿಗೇ ಕಳಿಸಬಹುದಿತ್ತು. ಎಲ್ಲರೂ ಓದುವ ಹಾಗೆ ಬರೆಯುವುದಕ್ಕೆ ಕಾರಣ ಇದೆ. ಹೋದ ಭಾನುವಾರ ಸಂಘದವರು ನಿನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿದರು. ಮೈಕ್ ಹಿಡಿದವರು ‘ಮನೆತನದಲ್ಲೇ ಮೊದಲ ಪದವೀಧರೆ’ ಅಂದರು, ‘ಕಷ್ಟಪಟ್ಟು ಓದಿದ ಹುಡುಗಿ’ ಅಂದರು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಿನ್ನ ಮೂರು ವರ್ಷದಲ್ಲಿ ಏನೇನಾಯಿತು ಅಂತ ಅಲ್ಲಿ ಕೂತಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಿನಗೆ ಒಂದು ಕೇಟಿ ಬಿದ್ದಿತ್ತು, ಅಂದರೆ ಒಂದು ಪೇಪರು ಬಾಕಿ ಉಳಿದಿತ್ತು. ನಾನು ನಿನಗೆ ಅಭಿನಂದನೆ ಹೇಳಬೇಕೆಂದಿರುವುದು ಆ ಕೇಟಿಯ ವಿಷಯಕ್ಕೆ. ಬರೆಯಲಾ ಅಂತ ಕೇಳಿದಾಗ ನೀನು ‘ಬರಿ ಅಣ್ಣ, ಮಾರ್ಕ್ಸ್ ಮಾತ್ರ ಸರಿಯಾಗಿ ಬರಿ’ ಅಂದೆ. ಸರಿಯಾಗೇ ಬರೆಯುತ್ತೇನೆ.

ಮೊದಲು ನನ್ನ ಕತೆ. ನಿನಗೆ ಇದು ಅರ್ಧ ಗೊತ್ತು, ಉಳಿದರ್ಧ ನಾನು ಯಾರಿಗೂ ಹೇಳಿಲ್ಲ.

ನಾನು ಕುಂದಾಪುರದಿಂದ ಮುಂಬೈಗೆ ಬಂದಾಗ ದೊಡ್ಡವರು ಹೋಟೆಲಿಗೆ ಸೇರಿಸಿದರು. ಟೇಬಲ್ ಒರೆಸಿದೆ, ಸಪ್ಲೈ ಮಾಡಿದೆ, ಕೊನೆಗೆ ಗಲ್ಲೆಯ ಮೇಲೆ ಕೂತೆ. ಮಧ್ಯೆ ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದೆ, ಹಾಗೂ ಹೀಗೂ ಹನ್ನೆರಡೂ ಆಯಿತು. ಆಮೇಲೆ ಬೆಳಿಗ್ಗೆ ಏಳಕ್ಕೆ ಶುರುವಾಗುವ ಕಾಮರ್ಸ್ ಕಾಲೇಜಿಗೆ ಸೇರಿದೆ. ಹತ್ತೂವರೆಗೆ ಕಾಲೇಜು ಬಿಟ್ಟರೆ ಹನ್ನೊಂದಕ್ಕೆ ಹೋಟೆಲು. ಮೊದಲ ವರ್ಷದ ಕೊನೆಗೆ ಮಾರ್ಕ್‌ಶೀಟ್ ಬಂತು. ಒಂದು ಪೇಪರು ಹೋಗಿತ್ತು. ಅದರ ಮುಂದೆ ನಾಲ್ಕು ಅಕ್ಷರ ಇತ್ತು: ಎ.ಟಿ.ಕೆ.ಟಿ. ಏನಿದು ಅಂತ ನನಗೆ ತಿಳಿಯಲಿಲ್ಲ. ಕಾಲೇಜಿನ ಕಿಟಕಿಯಲ್ಲಿ ಕೇಳೋಣ ಅಂದರೆ ಆಚೆ ಕಡೆಯ ಮನುಷ್ಯ ತಲೆ ಎತ್ತದೆ ‘ನೋಟಿಸ್ ಬೋರ್ಡ್ ನೋಡು’ ಅಂದ. ಹೋಟೆಲಿನ ಮ್ಯಾನೇಜರ್ ಹತ್ತಿರ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಫೇಲ್ ಅಂತಲೇ ಮಾರಾಯ, ಇನ್ನೇನು’ ಅಂದರು. ಮರುದಿನದಿಂದ ನಾನು ಬೆಳಿಗ್ಗೆಯ ಪಾಳಿಗೂ ನಿಂತೆ. ಕಾಲೇಜಿನ ಕಡೆ ಮತ್ತೆ ತಲೆ ಹಾಕಲಿಲ್ಲ.

ಆ ನಾಲ್ಕು ಅಕ್ಷರದ ಅರ್ಥ ‘ಅಲೌಡ್ ಟು ಕೀಪ್ ಟರ್ಮ್ಸ್’. ಅಂದರೆ ಒಂದೆರಡು ವಿಷಯ ಬಾಕಿ ಇದ್ದರೂ ನೀನು ಮುಂದಿನ ವರ್ಷದ ಕ್ಲಾಸಿಗೆ ಕೂರಬಹುದು, ಬಾಕಿಯನ್ನು ಆಮೇಲೆ ತೀರಿಸು ಅಂತ. ಹುಡುಗರ ಬಾಯಲ್ಲಿ ಅದೇ ‘ಕೇಟಿ’. ನಾನು ಎರಡನೇ ವರ್ಷಕ್ಕೆ ಸಲೀಸಾಗಿ ಹೋಗಬಹುದಿತ್ತು. ಬಾಗಿಲು ತೆರೆದಿದೆ ಅಂತ ಬರೆದ ಕಾಗದವನ್ನೇ ಬಾಗಿಲು ಮುಚ್ಚಿದೆ ಅಂತ ಓದಿಕೊಂಡೆ. ಗೊತ್ತಾಗಿದ್ದು ಹತ್ತು ವರ್ಷ ಕಳೆದ ಮೇಲೆ, ಗಲ್ಲೆಯ ಮುಂದೆ ಚಹಾ ಕುಡಿಯುತ್ತಾ ಹರಟುತ್ತಿದ್ದ ಇಬ್ಬರು ಹುಡುಗರ ಬಾಯಿಂದ. ‘ದೋ ಕೇಟಿ ಹೈ ಯಾರ್, ಸೆಕೆಂಡ್ ಇಯರ್ ಮೇ ನಿಕಾಲ್ ಲೂಂಗಾ’ ಅಂತ ಒಬ್ಬ ಆರಾಮಾಗಿ ಹೇಳುತ್ತಿದ್ದ. ನಾನು ಅವನಿಗೆ ಚಿಲ್ಲರೆ ತಪ್ಪಾಗಿ ಕೊಟ್ಟೆ.

ಇದನ್ನು ಓದುವ ಕಲ್ವಾ, ಮುಲುಂಡ್, ಡೊಂಬಿವಿಲಿ ಕಡೆಯ ನಮ್ಮ ಮನೆಯವರಿಗೆ ಒಂದು ಮಾತು. ಮನೆಯಲ್ಲಿ ಮೊದಲು ಕಾಲೇಜಿಗೆ ಹೋಗುವ ಮಗುವಿಗೆ ಪುಸ್ತಕ ಕೊಡಿಸುವವರು ಸಿಗುತ್ತಾರೆ. ಮಾರ್ಕ್‌ಶೀಟ್ ಓದಿ ಹೇಳುವವರು ಸಿಗುವುದಿಲ್ಲ. ಅಪ್ಪನೋ ಅಕ್ಕನೋ ಓದಿದ ಮನೆಯಲ್ಲಿ ಊಟ ಮಾಡುವಾಗಲೇ ‘ಕೇಟಿ ಫಾರ್ಮ್ ತುಂಬಿದೆಯಾ’ ಅಂತ ಒಂದು ಮಾತು ಬಂದುಬಿಡುತ್ತದೆ. ನಮ್ಮ ಮನೆಯಲ್ಲಿ ಆ ಮಾತು ಆಡುವವರೇ ಇರಲಿಲ್ಲ.

ಈಗ ನಿನ್ನ ವಿಷಯ.

2022ರಲ್ಲಿ ನೀನು ಬಿ.ಕಾಂ.ಗೆ ಸೇರಿದೆ. ಆರು ಸೆಮಿಸ್ಟರು, ಒಟ್ಟು 120 ಕ್ರೆಡಿಟ್. ಮೊದಲ ಸೆಮಿಸ್ಟರ್ ದಾಟಿದೆ. ಎರಡನೆಯದರಲ್ಲಿ ಏಳು ಪೇಪರಿನಲ್ಲಿ ಆರು ಪಾಸು, ಮ್ಯಾಥ್ಸ್ ಹೋಯಿತು. ನೂರಕ್ಕೆ 40 ಬೇಕಿತ್ತು, ನಿನಗೆ ಬಂದದ್ದು 31. ಮುಂಬೈಯಲ್ಲಿ ಬಿ.ಕಾಂ. ಓದಿದವರನ್ನು ಕೇಳಿ ನೋಡಿ, ‘ಮ್ಯಾಥಮ್ಯಾಟಿಕಲ್ ಅಂಡ್ ಸ್ಟ್ಯಾಟಿಸ್ಟಿಕಲ್ ಟೆಕ್ನಿಕ್ಸ್’ ಅಂದರೆ ಈಗಲೂ ಮುಖ ಹುಳ್ಳಗೆ ಮಾಡುತ್ತಾರೆ. ಹತ್ತರಲ್ಲಿ ಲೆಕ್ಕ ಬಿಟ್ಟೆವು, ಪೀಡೆ ಕಳೆಯಿತು ಅಂದುಕೊಂಡು ಕಾಮರ್ಸಿಗೆ ಬಂದವರಿಗೆ ಮೊದಲ ವರ್ಷದಲ್ಲೇ ಅದು ಎದುರು ನಿಂತಿರುತ್ತಿತ್ತು.

ಆವತ್ತು ಸಂಜೆ ನೀನು ಹೋಟೆಲಿಗೆ ಬಂದೆ. ಫೋನಿನಲ್ಲಿ ರಿಸಲ್ಟ್ ತೋರಿಸಿದೆ. ನನಗೆ ಹಳೆಯ ಮಾರ್ಕ್‌ಶೀಟೇ ಕಣ್ಣ ಮುಂದೆ ಬಂದ ಹಾಗಾಯಿತು. ನಾನು ಏನಾದರೂ ಹೇಳುವುದರೊಳಗೆ ನೀನೇ ಅಂದೆ: ‘ಅಣ್ಣ, ಇದು ಫೇಲ್ ಅಲ್ಲ, ಕೇಟಿ. ಎರಡನೇ ವರ್ಷಕ್ಕೆ ಹೋಗಬಹುದು. ಆದ್ರೆ ಇದನ್ನ ಇಟ್ಕೊಂಡು ಮೂರನೇ ವರ್ಷಕ್ಕೆ ಹೋಗೋದು ಕಷ್ಟ. ಒಂದು ವರ್ಷ ಟೈಮ್ ಇದೆ.’ ಕಾಲೇಜಿನ ಆಫೀಸಿನಲ್ಲಿ ಮೂರು ಸಲ ವಾಪಸ್ ಕಳಿಸಿದರೂ ನಾಲ್ಕನೇ ಸಲ ಹೋಗಿ ಕೇಳಿಕೊಂಡು ಬಂದಿದ್ದೆ. ಮೂರು ಸಲ ಅಂತ ನೀನು ಹೇಳಲಿಲ್ಲ, ನಿನ್ನ ಗೆಳತಿ ಹೇಳಿದಳು.

ಕೇಟಿಯ ವಿಷಯದಲ್ಲಿ ಜನ ಎಡವುವುದು ಹೆಚ್ಚಾಗಿ ಪರೀಕ್ಷೆಯಲ್ಲಿ ಅಲ್ಲ, ಫಾರ್ಮಿನಲ್ಲಿ. ಮುಂದಿನ ಸೆಮಿಸ್ಟರಿನ ಪರೀಕ್ಷೆ ಬಂದಾಗ ಕ್ಲಾಸಿನಲ್ಲೇ ಹೇಳುತ್ತಾರೆ, ಎಲ್ಲರೂ ಒಟ್ಟಿಗೆ ಫಾರ್ಮ್ ತುಂಬುತ್ತಾರೆ. ಕೇಟಿ ಹಾಗಲ್ಲ. ಅದರ ಫಾರ್ಮ್ ಬೇರೆ, ಫೀಸು ಬೇರೆ, ಕೊನೆಯ ದಿನ ಬೇರೆ, ಟೈಮ್‌ಟೇಬಲೂ ಬೇರೆ. ನೀನು ಮೂರನೇ ಸೆಮಿಸ್ಟರಿನ ಕ್ಲಾಸಿನಲ್ಲಿ ಕೂತಿರುತ್ತೀ, ನಿನ್ನ ಎರಡನೇ ಸೆಮಿಸ್ಟರಿನ ನೋಟಿಸು ಇನ್ನೆಲ್ಲೋ ಹಚ್ಚಿರುತ್ತಾರೆ. ಯಾರೂ ಹೆಸರು ಹಿಡಿದು ಕರೆದು ಹೇಳುವುದಿಲ್ಲ. ದಿನ ತಪ್ಪಿದರೆ ಮೊದಲು ಲೇಟ್ ಫೀ, ಅದೂ ತಪ್ಪಿದರೆ ಆ ಸಲದ ಪರೀಕ್ಷೆಯೇ ಇಲ್ಲ. ಎರಡು ಸಲ ತಪ್ಪಿದರೆ ಒಂದು ವರ್ಷ ಹೋದ ಹಾಗೆ, ಮೂರನೇ ವರ್ಷದ ಬಾಗಿಲಲ್ಲಿ ನಿಲ್ಲಿಸಲೂಬಹುದು. ನೀನು ಏನು ಮಾಡಿದೆ? ಪ್ರತಿ ಸೋಮವಾರ ಮತ್ತು ಗುರುವಾರ ಬೋರ್ಡಿನ ಫೋಟೋ ತೆಗೆದೆ. ಅಷ್ಟೇ. ಫಾರ್ಮ್ ಬಂದ ದಿನವೇ ತುಂಬಿ, ಫೀಸಿನ ರಸೀದಿಯನ್ನು ಬಿಸ್ಕತ್ ಡಬ್ಬಿಗೆ ಹಾಕಿದೆ. ಆ ಡಬ್ಬಿಯ ಮಾತು ಮುಂದೆ ಬರುತ್ತದೆ.

ಇನ್ನು ಲೆಕ್ಕ. ಎರಡನೇ ಸೆಮಿಸ್ಟರಿನ ಮ್ಯಾಥ್ಸಿನಲ್ಲಿ ಬಡ್ಡಿ ಮತ್ತು ಆನ್ಯುಯಿಟಿ ಅಂತ ಒಂದು ಭಾಗ ಇತ್ತು. ತಿಂಗಳ ತಿಂಗಳ ಕಂತಿನ ಲೆಕ್ಕ. ಸೂತ್ರ ನಿನಗೆ ಬಾಯಿಪಾಠ ಬರುತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ, ಹಾಗಾಗಿ ಪ್ರಶ್ನೆ ಸ್ವಲ್ಪ ತಿರುವಿದರೆ ಕೈ ನಿಂತುಬಿಡುತ್ತಿತ್ತು. ಆ ದೀಪಾವಳಿ ಹೊತ್ತಿಗೆ ನಿನ್ನ ಅಪ್ಪ, ಅಂದರೆ ನನ್ನ ಚಿಕ್ಕಪ್ಪ, ಊರಿನ ಮನೆಯ ಮಾಡು ರಿಪೇರಿಗೆ ಸಾಲ ತೆಗೆದಿದ್ದರು. ಒಂದು ಲಕ್ಷ, ವರ್ಷಕ್ಕೆ 12 ಪರ್ಸೆಂಟ್, 12 ಕಂತು. ಸಾಲ ಕೊಟ್ಟವರ ಚೀಟಿಯಲ್ಲಿ ತಿಂಗಳಿಗೆ 9,333 ರೂಪಾಯಿ ಅಂತಿತ್ತು. ನೀನು ಪುಸ್ತಕದ ಸೂತ್ರದ ಪ್ರಕಾರ ಮಾಡಿದರೆ 8,885 ಬರುತ್ತಿತ್ತು. ಎರಡು ಸಲ ಮಾಡಿದೆ, ಮೂರು ಸಲ ಮಾಡಿದೆ. ‘ನಂದೇ ತಪ್ಪು’ ಅಂತ ಗಲ್ಲೆಯ ಪಕ್ಕ ಕೂತು ಬಿಲ್ ಪುಸ್ತಕದ ಹಿಂದೆ ಗೀಚುತ್ತಿದ್ದೆ. ನನ್ನ ಕ್ಯಾಲ್ಕುಲೇಟರೂ ನಿನ್ನ ಕೈಯಲ್ಲೇ ಇತ್ತು, ಗಿರಾಕಿಗಳಿಗೆ ನಾನು ಬಾಯಲ್ಲೇ ಲೆಕ್ಕ ಹೇಳುತ್ತಿದ್ದೆ.

ಕೊನೆಗೆ ಹೊಳೆದದ್ದು ಹೀಗೆ. ಸಾಲ ಕೊಟ್ಟವರು ಪೂರ್ತಿ ಒಂದು ಲಕ್ಷಕ್ಕೆ ಇಡೀ ವರ್ಷದ ಬಡ್ಡಿ 12,000 ಹಾಕಿ, 1,12,000ವನ್ನು ಹನ್ನೆರಡರಿಂದ ಭಾಗಿಸಿದ್ದರು. ಅದಕ್ಕೆ ಫ್ಲ್ಯಾಟ್ ಬಡ್ಡಿ ಅಂತಾರೆ. ಆದರೆ ಚಿಕ್ಕಪ್ಪ ತಿಂಗಳ ತಿಂಗಳ ಅಸಲನ್ನೂ ತೀರಿಸುತ್ತಿರುತ್ತಾರೆ ಅಲ್ವಾ? ಆರನೇ ಕಂತು ಕಟ್ಟುವ ಹೊತ್ತಿಗೆ ಅವರ ಹತ್ತಿರ ಉಳಿದಿರುವ ಸಾಲ ಹೆಚ್ಚುಕಮ್ಮಿ ಅರ್ಧ. ಕೈಯಲ್ಲಿಲ್ಲದ ದುಡ್ಡಿಗೂ ಬಡ್ಡಿ ಕೊಡುತ್ತಿದ್ದರು. ಪುಸ್ತಕದ ಸೂತ್ರ ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುತ್ತದೆ, ಅದಕ್ಕೆ ರೆಡ್ಯೂಸಿಂಗ್ ಅಂತಾರೆ. ತಿಂಗಳಿಗೆ 1 ಪರ್ಸೆಂಟ್ ಅಂತ ಹಿಡಿದರೆ ಒಟ್ಟು ಬಡ್ಡಿ ಸುಮಾರು 6,600 ಆಗುತ್ತದೆ, 12,000 ಅಲ್ಲ. ವ್ಯತ್ಯಾಸ ಐದು ಸಾವಿರದ ಮೇಲೆ. ಅದೇ 9,333ರ ಕಂತನ್ನು ಉಳಿದ ಅಸಲಿನ ಲೆಕ್ಕಕ್ಕೆ ತಿರುಗಿಸಿದರೆ ಬಡ್ಡಿಯ ದರ ವರ್ಷಕ್ಕೆ ಇಪ್ಪತ್ತೊಂದು ಪರ್ಸೆಂಟ್ ದಾಟುತ್ತದೆ. ಅವರು ಬಾಯಲ್ಲಿ ಹೇಳಿದ್ದು 12.

ನೀನು ಚಿಕ್ಕಪ್ಪನಿಗೆ ಇದನ್ನು ಹೇಳಿದ ರೀತಿ ನನಗೆ ಇನ್ನೂ ನೆನಪಿದೆ. ಸೂತ್ರ ಗೀತ್ರ ಏನೂ ಹೇಳಲಿಲ್ಲ. ಹನ್ನೆರಡು ಕಪ್ಪು ಮೇಜಿನ ಮೇಲೆ ಸಾಲಾಗಿ ಇಟ್ಟೆ. ‘ಅಪ್ಪ, ಇವೆಲ್ಲ ಬಾಡಿಗೆಗೆ ತಂದಿದ್ದು. ತಿಂಗಳಿಗೆ ಒಂದು ಕಪ್ ವಾಪಸ್ ಕೊಡ್ತೀರಿ’ ಅಂತ ಒಂದೊಂದೇ ತೆಗೆಯುತ್ತಾ ಹೋದೆ. ಕೊನೆಗೆ ಒಂದೇ ಕಪ್ ಉಳಿದಾಗ ಕೇಳಿದೆ, ‘ಈಗಲೂ ಹನ್ನೆರಡು ಕಪ್ಪಿನ ಬಾಡಿಗೆ ಕೊಡ್ತೀರಾ?’ ಇಪ್ಪತ್ತಾರು ವರ್ಷ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದ ಮನುಷ್ಯ, ಯಾವತ್ತೂ ಜಾಸ್ತಿ ಮಾತಾಡಿದವರಲ್ಲ. ಕಪ್ಪನ್ನೇ ನೋಡುತ್ತಾ ಕೂತರು. ಆ ಸಾಲದ ಕಾಗದಕ್ಕೆ ಸಹಿ ಬಿದ್ದಾಗಿತ್ತು, ಆ ದುಡ್ಡು ಉಳಿಯಲಿಲ್ಲ. ಆದರೆ ಮುಂದಿನ ಸಲ ಸಾಲ ಕೇಳಲು ಹೋದಾಗ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ ‘ಫ್ಲ್ಯಾಟಾ, ರೆಡ್ಯೂಸಿಂಗಾ?’. ಎದುರಿಗಿದ್ದವನು ಒಂದು ಗಳಿಗೆ ತಡವರಿಸಿದ. ನಾನು ಜೊತೆಗಿದ್ದೆ, ನೋಡಿದ್ದೇನೆ.

ಆ ಅಕ್ಟೋಬರ್–ನವೆಂಬರಿನ ಕೇಟಿ ಪರೀಕ್ಷೆಯಲ್ಲಿ ನಿನಗೆ 58 ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 2025ರಲ್ಲಿ ಆರನೇ ಸೆಮಿಸ್ಟರಿನ ರಿಸಲ್ಟ್ ಬಂದ ದಿನ ಮನೆಯಲ್ಲಿ ಪೇಡೆ ತಂದಿಟ್ಟಾಗಿತ್ತು. ನಿನ್ನ ನಂಬರಿನ ಮುಂದೆ ಪಾಸ್ ಅಂತಲೂ ಇಲ್ಲ, ಫೇಲ್ ಅಂತಲೂ ಇಲ್ಲ. ಮೂರು ಅಕ್ಷರ: ಆರ್.ಎಲ್.ಇ. ಮತ್ತೆ ಅಕ್ಷರ! ಚಿಕ್ಕಮ್ಮ ಪೇಡೆ ಡಬ್ಬಿಯ ಮುಚ್ಚಳ ಹಾಕಿ ಒಳಗಿಟ್ಟರು.

ಕೆಳಗಿನ ಪರೀಕ್ಷೆಯ ಬಾಕಿ ಇರುವುದರಿಂದ ರಿಸಲ್ಟ್ ತಡೆದಿದ್ದೇವೆ ಅಂತ ಅದರ ಅರ್ಥ. ಆದರೆ ನಿನ್ನ ಬಾಕಿ ಒಂದೂವರೆ ವರ್ಷದ ಹಿಂದೆಯೇ ತೀರಿತ್ತಲ್ಲ? ಇದು ಹೇಗಾಗುತ್ತದೆ ಅಂದರೆ, ಮೊದಲೆರಡು ವರ್ಷದ ಪರೀಕ್ಷೆಗಳನ್ನು ಕಾಲೇಜೇ ಯೂನಿವರ್ಸಿಟಿಯ ಪರವಾಗಿ ನಡೆಸುತ್ತದೆ. ಪೇಪರ್ ತಿದ್ದುವುದು ಅಲ್ಲೇ, ಮಾರ್ಕ್‌ಶೀಟ್ ಕೊಡುವುದೂ ಅಲ್ಲೇ. ಕೊನೆಯ ವರ್ಷದ ಪರೀಕ್ಷೆ ಮಾತ್ರ ಯೂನಿವರ್ಸಿಟಿಯದು. ಹಾಗಾಗಿ ಕೆಳಗಿನ ನಾಲ್ಕು ಸೆಮಿಸ್ಟರಿನ ಮಾರ್ಕ್ಸನ್ನು ಕಾಲೇಜು ಮೇಲಕ್ಕೆ ಕಳಿಸಬೇಕು. ಎಲ್ಲರ ಜೊತೆ ಪಾಸಾದವರ ಮಾರ್ಕ್ಸು ಒಂದೇ ಪಟ್ಟಿಯಲ್ಲಿ ಹೋಗಿಬಿಡುತ್ತದೆ. ಕೇಟಿ ತೀರಿಸಿದವರದ್ದು ಬೇರೆ ಪಟ್ಟಿ, ಅದು ಎಲ್ಲೋ ಉಳಿದುಬಿಡುತ್ತದೆ. ನಿನ್ನ ವಿಷಯದಲ್ಲಿ ಆಗಿದ್ದು ಅದೇ. ಯೂನಿವರ್ಸಿಟಿಯ ಕಂಪ್ಯೂಟರಿನಲ್ಲಿ ನೀನಿನ್ನೂ 31ರಲ್ಲೇ ನಿಂತಿದ್ದೆ.

ಆಗ ಬಿಸ್ಕತ್ ಡಬ್ಬಿ ತೆರೆಯಿತು. ಕೇಟಿಯ ಮಾರ್ಕ್‌ಶೀಟು, ಆ ಪರೀಕ್ಷೆಯ ಹಾಲ್ ಟಿಕೆಟು, ಫೀಸಿನ ರಸೀದಿ, ಮೂರೂ ಇದ್ದವು. ಎರಡು ಸೆಟ್ ಝೆರಾಕ್ಸ್ ಮಾಡಿಸಿದೆ. ಅರ್ಜಿಯಲ್ಲಿ ಸೀಟ್ ನಂಬರ್ ಜೊತೆಗೆ ಪಿ.ಆರ್.ಎನ್. ಕೂಡ ಬರೆದೆ. ಸೀಟ್ ನಂಬರ್ ಪ್ರತಿ ಪರೀಕ್ಷೆಗೂ ಬದಲಾಗುತ್ತದೆ, ಪಿ.ಆರ್.ಎನ್. ಮಾತ್ರ ಸೇರಿದ ದಿನದಿಂದ ಕೊನೆಯವರೆಗೆ ಒಂದೇ. ಹಳೆಯ ಕಾಗದ ಹುಡುಕುವವರಿಗೆ ಅದಿಲ್ಲದೆ ನೀನು ಸಿಗುವುದೇ ಇಲ್ಲ. ಇನ್ನೊಂದು ಕೆಲಸ ಮಾಡಿದೆ, ಅದು ನನಗೆ ತುಂಬಾ ಇಷ್ಟವಾಯಿತು. ಅರ್ಜಿಯ ನಿನ್ನ ಪ್ರತಿಯ ಮೇಲೆ ‘ತಲುಪಿದೆ’ ಅಂತ ಸಿಕ್ಕೆ, ತಾರೀಕು ಹಾಕಿಸಿಕೊಳ್ಳದೆ ಕಿಟಕಿ ಬಿಟ್ಟು ಕದಲಲಿಲ್ಲ. ‘ಸಿಕ್ಕೆ ಏನಕ್ಕಮ್ಮ, ನಾವು ನೋಡ್ಕೊಳ್ತೀವಿ’ ಅಂತ ಮರಾಠಿಯಲ್ಲಿ ಹೇಳಿದರಂತೆ. ನೀನೂ ಮರಾಠಿಯಲ್ಲೇ, ನಯವಾಗಿ, ‘ನೋಡ್ಕೊಳ್ಳಿ, ಸಿಕ್ಕೆನೂ ಹಾಕಿ’ ಅಂದೆಯಂತೆ. ಐದು ವಾರ ಆಯಿತು ರಿಸಲ್ಟ್ ಸರಿಯಾಗಲು. ಎಂ.ಕಾಂ.ಗೆ ಫಾರ್ಮ್ ಹಾಕುವ ದಿನ ಅಷ್ಟರಲ್ಲಿ ಹತ್ತಿರ ಬಂದಿತ್ತು. ಕಾಗದ ಇಲ್ಲದವರಿಗೆ ಆ ಐದು ವಾರ ಐದು ತಿಂಗಳೇ ಆಗುತ್ತಿತ್ತೋ ಏನೋ.

ಈಗ ಪಠ್ಯಕ್ರಮ ಬದಲಾಗಿದೆ. ಹೊಸದಾಗಿ ಸೇರುವವರಿಗೆ ಮಾರ್ಕ್ಸಿನ ಹಂಚಿಕೆ ಬೇರೆ, ಪೇಪರುಗಳೂ ಬೇರೆ, ಬಾಕಿ ಎಷ್ಟು ಇಟ್ಟುಕೊಳ್ಳಬಹುದು ಎಂಬ ನಿಯಮವನ್ನು ಅವರವರ ಕಾಲೇಜಿನಲ್ಲೇ ಕೇಳಬೇಕು. ಅದಕ್ಕೆ ಪುಟ್ಟಿಯ ಲೆಕ್ಕ ಹಿಡಿದು ಕೂರಬೇಡಿ. ಡಬ್ಬಿ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ ಪುಟ್ಟಿ, ಹೆಸರಿನದು. ಊರಿನ ಶಾಲೆಯಲ್ಲಿ ನಿನ್ನ ಹೆಸರಿನ ಹಿಂದೆ ಒಂದು ಇನಿಶಿಯಲ್ ಇತ್ತು, ಮುಗಿಯಿತು. ಇಲ್ಲಿ ಹಾಗೆ ನಡೆಯುವುದಿಲ್ಲ. ಮೊದಲು ಅಡ್ಡಹೆಸರು, ಆಮೇಲೆ ನಿನ್ನ ಹೆಸರು, ಆಮೇಲೆ ಅಪ್ಪನ ಹೆಸರು, ಅಮ್ಮನ ಹೆಸರು. ಹತ್ತನೇ ಮಾರ್ಕ್‌ಶೀಟಿನಲ್ಲಿ ‘ಪೂಜಾರಿ’ಯ ಇಂಗ್ಲಿಷ್ ಸ್ಪೆಲ್ಲಿಂಗು ವೈ ಅಕ್ಷರದಿಂದ ಮುಗಿಯುತ್ತದೆ, ಕಾಲೇಜಿನ ಮೊದಲ ಫಾರ್ಮಿನಲ್ಲಿ ಯಾರೋ ಐ ಹಾಕಿದ್ದಾರೆ. ಆರೂ ಮಾರ್ಕ್‌ಶೀಟಿನಲ್ಲಿ ಆ ಐ ಹಾಗೇ ಬಂದಿದೆ. ಚಿಕ್ಕಪ್ಪನಿಗೆ ಇದು ದೊಡ್ಡ ವಿಷಯ ಅಲ್ಲ, ‘ಓದಿದ್ರೆ ಎರಡೂ ಒಂದೇ ಅಲ್ದಾ’ ಅಂದರು. ಪಾಸ್‌ಪೋರ್ಟ್ ಮಾಡಿಸುವಾಗಲೋ ಕೆಲಸಕ್ಕೆ ಸೇರುವಾಗಲೋ ಎರಡು ಒಂದೇ ಅಲ್ಲ. ಡಿಗ್ರಿ ಸರ್ಟಿಫಿಕೇಟಿನ ಅರ್ಜಿಯಲ್ಲಿರುವ ಹೆಸರೇ ಅಚ್ಚಾಗಿ ಬರುತ್ತದೆ. ಅಚ್ಚಾಗುವ ಮೊದಲು ತಿದ್ದಿಸುವುದು ಒಂದು ಅರ್ಜಿ, ಒಂದಿಷ್ಟು ಓಡಾಟ. ಅಚ್ಚಾದ ಮೇಲೆ ತಿದ್ದಿಸುವುದು ಬೇರೆಯೇ ಪುರಾಣ. ಹತ್ತನೇ ಮಾರ್ಕ್‌ಶೀಟಿನ ಸ್ಪೆಲ್ಲಿಂಗನ್ನೇ ಹಿಡಿ, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸು. ದೇವನಾಗರಿಯಲ್ಲಿ ಹೆಸರು ಬರೆಯುವ ಕಡೆ ನೀನೇ ಕೈಯಾರೆ ಬರಿ, ಬೇರೆಯವರಿಗೆ ಬಿಡಬೇಡ.

ನಮ್ಮ ಅಜ್ಜ ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ರಾಜಾಬಾಯಿ ಗೋಪುರದ ಗಡಿಯಾರ ನೋಡಿ ಅವರು ಪಾಳಿ ಬದಲಿಸುತ್ತಿದ್ದರಂತೆ. ಆ ಗೋಪುರ ಯೂನಿವರ್ಸಿಟಿಯದು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಯೂನಿವರ್ಸಿಟಿ ಶುರುವಾದದ್ದು 1857ರಲ್ಲಿ. ಅದರ ಸಿಕ್ಕೆ ಬಿದ್ದ ಕಾಗದ ನಮ್ಮ ಮನೆಗೆ ಬರಲು 168 ವರ್ಷ ಹಿಡಿಯಿತು. ಸರ್ಟಿಫಿಕೇಟು ಕೈಗೆ ಬರಲು ಇನ್ನೂ ಕೆಲವು ತಿಂಗಳು ಬೇಕು, ಪದವಿದಾನ ಆದ ಮೇಲೆ ಕಾಲೇಜಿಗೇ ಬರುತ್ತದೆ.

ಚಿಕ್ಕಪ್ಪ ಈಗಲೇ ಕಲ್ವಾ ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಲ್ಯಾಮಿನೇಷನ್ನಿನ ರೇಟು ಕೇಳಿಕೊಂಡು ಬಂದಿದ್ದಾರೆ. ದೇವರ ಫೋಟೋದ ಪಕ್ಕ ಮೊಳೆಯನ್ನೂ ಹೊಡೆದಾಗಿದೆ. ಲ್ಯಾಮಿನೇಟ್ ಮಾಡಿಸಲು ಬಿಡಬೇಡ. ಮುಂದೆ ಯಾವುದಾದರೂ ಆಫೀಸಿನವರು ಮೂಲ ಕಾಗದದ ಮೇಲೆ ಸಿಕ್ಕೆ ಹಾಕಬೇಕು ಅಂದರೆ ಪ್ಲಾಸ್ಟಿಕ್ಕಿನ ಮೇಲೆ ಹಾಕಲು ಆಗುವುದಿಲ್ಲ, ಕಿತ್ತರೆ ಅಕ್ಷರವೂ ಎದ್ದು ಬರುತ್ತದೆ. ಕಲರ್ ಝೆರಾಕ್ಸ್ ಮಾಡಿಸಿ ಅದಕ್ಕೆ ಒಳ್ಳೆಯ ಫ್ರೇಮ್ ಹಾಕಿಸೋಣ, ಫ್ರೇಮಿನ ದುಡ್ಡು ನನ್ನದು. ಅಸಲಿ ಬಿಸ್ಕತ್ ಡಬ್ಬಿಯಲ್ಲಿರಲಿ. ಚಿಕ್ಕಪ್ಪನಿಗೆ ನಾನೇ ಹೇಳುತ್ತೇನೆ, ನೀನು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

ನಿನ್ನ ಅಣ್ಣ,
ಗಲ್ಲೆಯ ಮೇಲಿಂದ, ಮುಲುಂಡ್